6 ಸೆಕೆಂಡಿಗೆ 34 ಅಕ್ಷರ: ತುಳು ಮಾತಿಗೆ ಕನ್ನಡ ಸಬ್‌ಟೈಟಲ್ ಕೂರಿಸುವುದು

ಪ್ರಶ್ನೆ: ನಾವು ಗೆಳೆಯರು ಸೇರಿ ಉಡುಪಿಯಲ್ಲಿ 28 ನಿಮಿಷದ ತುಳು ಕಿರುಚಿತ್ರ ಮಾಡಿದ್ದೇವೆ, ಕಥೆ ಮಲ್ಪೆ ಬಂದರಿನದ್ದು. ಕನ್ನಡ ಸಬ್‌ಟೈಟಲ್ ನಾನೇ ಹಾಕಿದೆ, ಒಂದು ಮಾತೂ ಬಿಡಲಿಲ್ಲ. ತುಳು ಬಾರದ ಬೆಂಗಳೂರಿನ ಭಾವನಿಗೆ ತೋರಿಸಿದರೆ "ಓದಿ ಮುಗಿಯುವ ಮೊದಲೇ ಹೋಗ್ತದೆ, ಚಿತ್ರ ನೋಡ್ಲಿಕ್ಕೇ ಆಗ್ಲಿಲ್ಲ" ಅಂದರು. ಅಕ್ಷರ ಸಣ್ಣ ಮಾಡಿ ಮೂರು ಸಾಲು ಮಾಡಿದೆ, ಸರಿಯಾಗಲಿಲ್ಲ. ಸಾಫ್ಟ್‌ವೇರ್ ಅರ್ಧಕ್ಕರ್ಧ ಸಾಲುಗಳನ್ನು ಕೆಂಪಾಗಿ ತೋರಿಸುತ್ತದೆ. ಕತ್ತರಿಸಿದರೆ ಸಂಭಾಷಣೆ ಬರೆದವರಿಗೆ ಬೇಸರ. ಎಷ್ಟು ಕತ್ತರಿಸಬಹುದು, ಎಲ್ಲಿ? ಒಂದು ಮಾತನ್ನು ಮಾದರಿಗೆ ಕಳಿಸಿದ್ದೇನೆ. ಮೀನು ಮಾರುವ ಹೆಂಗಸು ಬೋಟಿನ ಹುಡುಗನಿಗೆ ಬೈಯುವುದು, ಸರಿಯಾಗಿ 6 ಸೆಕೆಂಡು ಇದೆ.

ಉತ್ತರ: ಅಕ್ಷರ ಸಣ್ಣ ಮಾಡುವುದು, ಮೂರು ಸಾಲು ಮಾಡುವುದು, ಎರಡೂ ಜಾಗದ ಸಮಸ್ಯೆಗೆ ಮದ್ದು. ನಿಮ್ಮ ಭಾವ ಹೇಳಿದ್ದು ಸಮಯದ ಸಮಸ್ಯೆ. ಪರದೆಯಲ್ಲಿ ಎಷ್ಟು ಹಿಡಿಸಿದರೂ ಓದುವವನಿಗೆ ಸಿಗುವುದು ಅದೇ 6 ಸೆಕೆಂಡು. ಸಣ್ಣ ಅಕ್ಷರ ಓದಲು ಇನ್ನೂ ನಿಧಾನ, ಅದರಲ್ಲೂ ಕನ್ನಡದಲ್ಲಿ, ಯಾಕೆಂದರೆ ಒತ್ತಕ್ಷರ ಮೊದಲೇ ಅರ್ಧ ಗಾತ್ರದ್ದು. ಮೂರನೇ ಸಾಲು ಬಂದರೆ ಮಾತಾಡುವವರ ಗಲ್ಲದವರೆಗೆ ಅಕ್ಷರ ಏರುತ್ತದೆ. ಹಾಗಾಗಿ ಎರಡೇ ಸಾಲು ಎಂದು ಮೊದಲು ಗಟ್ಟಿ ಮಾಡಿಕೊಳ್ಳಿ. ಉಳಿದ ಲೆಕ್ಕವೆಲ್ಲ ಅದರ ಒಳಗೆ.

ಮಾತಾಡುವಷ್ಟು ವೇಗದಲ್ಲಿ ಓದಬಹುದಲ್ಲ, ಓದು ಮಾತಿಗಿಂತ ಬೇಗ ಅಲ್ಲವೇ ಎಂದು ತುಂಬಾ ಜನ ಕೇಳುತ್ತಾರೆ. ಪುಸ್ತಕದಲ್ಲಿ ಹೌದು. ಪರದೆಯಲ್ಲಿ ಕಣ್ಣಿಗೆ ಎರಡು ಕೆಲಸ: ಕೆಳಗೆ ಬಂದ ಅಕ್ಷರ ಗಮನಿಸಬೇಕು, ಓದಬೇಕು, ಮತ್ತೆ ಮೇಲೆ ಹೋಗಿ ಮುಖ ನೋಡಬೇಕು. ಪುಸ್ತಕದಲ್ಲಿ ಅರ್ಥವಾಗದ ಸಾಲಿಗೆ ವಾಪಸು ಹೋಗಬಹುದು, ಇಲ್ಲಿ ಹೋಗುವಂತಿಲ್ಲ. ನಿಮ್ಮ ಚಿತ್ರದಲ್ಲಿ ಇದಕ್ಕೆ ಇನ್ನೊಂದು ಸೇರಿದೆ. ಬಂದರಿನವರ ತುಳು ಚುಟುಕು, ವೇಗದ್ದು. ಅದನ್ನು ನೀವು ಪುಸ್ತಕದ ಕನ್ನಡಕ್ಕೆ ತಂದಾಗ "ಬರುವುದು", "ಸಿಗುವುದಿಲ್ಲ", "ಹೇಳಿದ್ದೆ ಅಲ್ಲವಾ" ಎಂದು ಪ್ರತಿ ಕ್ರಿಯಾಪದವೂ ಉದ್ದವಾಯಿತು. ಏನೂ ಬಿಡದ ಅನುವಾದ ಎಂದು ನೀವು ಹೇಳುವುದು ನಿಜದಲ್ಲಿ ಮೂಲಕ್ಕಿಂತ ಉದ್ದದ ಅನುವಾದ.

ಇನ್ನು ಕೆಂಪು ಬಣ್ಣ. ಅದನ್ನು ಪೂರ್ತಿ ನಂಬಬೇಡಿ, ಪೂರ್ತಿ ಬಿಡಲೂ ಬೇಡಿ. ಸಬ್‌ಟೈಟಲ್ ಸಾಫ್ಟ್‌ವೇರುಗಳ ಮಿತಿಗಳು ಇಂಗ್ಲಿಷಿನಂಥ ಲಿಪಿಯನ್ನು ಎದುರಿಗಿಟ್ಟುಕೊಂಡು ಹುಟ್ಟಿದವು. ಸಾಲಿಗೆ 42 ಅಕ್ಷರ, ಸೆಕೆಂಡಿಗೆ 17ರಿಂದ 20 ಎನ್ನುವುದು ಇಂಗ್ಲಿಷಿಗೆ ಬಹಳ ಕಡೆ ಬಳಕೆಯಲ್ಲಿರುವ ಅಳತೆ. ಕನ್ನಡದಲ್ಲಿ ನಾವು ಒಂದು ಅಕ್ಷರ ಎನ್ನುವುದನ್ನು ಕಂಪ್ಯೂಟರು ಹಲವು ಸಂಕೇತಗಳಾಗಿ ಇಟ್ಟುಕೊಂಡಿರುತ್ತದೆ. ಒಂದು ಪರೀಕ್ಷೆ ಮಾಡಿ: ಖಾಲಿ ಸಬ್‌ಟೈಟಲಿನಲ್ಲಿ "ಸ್ತ್ರೀ" ಎಂದು ಮಾತ್ರ ಟೈಪ್ ಮಾಡಿ, ಎಷ್ಟು ಅಕ್ಷರ ಎಂದು ತೋರಿಸುತ್ತದೆ ನೋಡಿ. 6 ಎಂದರೆ ಅದು ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತಿದೆ. 3 ಎಂದರೆ ಒತ್ತುಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಿದೆ. 1 ಎಂದರೆ ನಮ್ಮ ಹಾಗೆಯೇ ಎಣಿಸುತ್ತಿದೆ. ಇದು ಗೊತ್ತಾಗದೆ ಅದರ ಕೆಂಪು ಬಣ್ಣಕ್ಕೆ ಅರ್ಥವಿಲ್ಲ.

ಕನ್ನಡಕ್ಕೆ ನಾನು ಕೆಲಸದಲ್ಲಿ ಇಟ್ಟುಕೊಳ್ಳುವ ಅಳತೆ ಹೀಗೆ. ಬಾಯಲ್ಲಿ ಹೇಳುವಂತೆ ಅಕ್ಷರ ಎಣಿಸುವುದು, ಅಂದರೆ ಒತ್ತು ಸೇರಿದ್ದೂ ಒಂದೇ, ಖಾಲಿ ಜಾಗ ಲೆಕ್ಕಕ್ಕಿಲ್ಲ. ಸೆಕೆಂಡಿಗೆ 6 ಅಕ್ಷರ ಆರಾಮ, 7 ಪರವಾಗಿಲ್ಲ, 8 ದಾಟಿದರೆ ನಿಮ್ಮ ಭಾವ ಹೇಳಿದ್ದೇ ಆಗುತ್ತದೆ. ಸಾಲಿಗೆ 20ರಿಂದ 22 ಅಕ್ಷರ. ಒಂದು ಸಬ್‌ಟೈಟಲ್ ಎಷ್ಟೇ ಚಿಕ್ಕದಾದರೂ ಒಂದು ಸೆಕೆಂಡಿನ ಹತ್ತಿರ ನಿಲ್ಲಬೇಕು, 7 ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಹೆಚ್ಚು ನಿಂತರೆ ಜನ ಅದನ್ನೇ ಎರಡನೇ ಸಲ ಓದಲು ಶುರು ಮಾಡುತ್ತಾರೆ. ಇದು ಸರಕಾರಿ ನಿಯಮವೇನಲ್ಲ, ವ್ಯವಹಾರದ ಅಂದಾಜು. ಮಕ್ಕಳ ಚಿತ್ರವಾದರೆ ಇನ್ನೂ ಇಳಿಸಿ.

ಕತ್ತರಿಗೆ ಕೈ ಹಾಕುವ ಮೊದಲು ಪುಕ್ಕಟೆ ಸಿಗುವ ಸಮಯ ತೆಗೆದುಕೊಳ್ಳಿ. ಮಾತು ಮುಗಿದ ಮೇಲೆ ಮೌನ ಇದ್ದರೆ ಸಬ್‌ಟೈಟಲನ್ನು ಅರ್ಧ ಸೆಕೆಂಡು, ಕೆಲವೊಮ್ಮೆ ಒಂದು ಸೆಕೆಂಡಿನವರೆಗೆ ಎಳೆಯಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಶುರುವಿನಲ್ಲಿ ಮಾತ್ರ ಹಿಂದಕ್ಕೆ ಎಳೆಯಬೇಡಿ. ಬಾಯಿ ತೆರೆಯುವ ಮೊದಲೇ ಮಾತು ಕೆಳಗೆ ಬಂದರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಶಾಟ್ ಬದಲಾಗುವ ಜಾಗವನ್ನೂ ದಾಟಿಸಬೇಡಿ. ಶಾಟ್ ಬದಲಾದಾಗ ಹೊಸ ಸಾಲು ಬಂದಿರಬೇಕು ಎಂದುಕೊಂಡು ಕಣ್ಣು ಮತ್ತೆ ಕೆಳಗಿಳಿದು ಹಳೆಯದನ್ನೇ ಓದಬಹುದು. ಎರಡು ಸಬ್‌ಟೈಟಲುಗಳ ಮಧ್ಯೆ ಕನಿಷ್ಠ ಎರಡು ಫ್ರೇಮು ಖಾಲಿ ಬಿಡಿ. ಇಲ್ಲದಿದ್ದರೆ ಅಕ್ಷರ ಬದಲಾದದ್ದೇ ಗೊತ್ತಾಗುವುದಿಲ್ಲ.

ಈಗ ನಿಮ್ಮ ಮೀನಿನ ಹೆಂಗಸು. ನೀವು ಕಳಿಸಿದ ಸಬ್‌ಟೈಟಲ್ ಇದು:

"ನೋಡು ಮಾರಾಯ, ನಾನು ನಿನಗೆ ನಿನ್ನೆಯೇ ಹೇಳಿದ್ದೆ ಅಲ್ಲವಾ, ಬೋಟು ಬರುವುದು ತಡವಾದರೆ ಮೀನಿಗೆ ರೇಟು ಸಿಗುವುದಿಲ್ಲ, ಐಸು ಜಾಸ್ತಿ ಹಾಕು ಅಂತ. ನೀನು ನನ್ನ ಮಾತು ಕೇಳಿದೆಯಾ?"

ಎಣಿಸಿದರೆ 58 ಅಕ್ಷರ. 6 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 10. (ಸಂಕೇತ ಎಣಿಸುವ ಸಾಫ್ಟ್‌ವೇರಿಗೆ ಇದೇ ಮಾತು ಖಾಲಿ ಜಾಗ, ಚಿಹ್ನೆ ಸೇರಿ 140. ಕೆಂಪಾಗದೆ ಇನ್ನೇನು.) ನಮ್ಮ ಹತ್ತಿರ ಇರುವುದು 36ರಿಂದ 42 ಅಕ್ಷರದ ಜಾಗ.

ಮೊದಲು ಹೋಗಬೇಕಾದದ್ದು ಸರ್ವನಾಮ. ಇಂಗ್ಲಿಷಿನಲ್ಲಿ ಈ ಸೌಲಭ್ಯ ಇಲ್ಲ, ನಮಗೆ ಇದೆ. "ಹೇಳಿದ್ದೆ" ಎಂದರೆ ಸಾಕು, ನಾನು ಎಂಬುದು ಆ "ದ್ದೆ"ಯಲ್ಲೇ ಕೂತಿದೆ. "ಕೇಳಿದೆಯಾ" ಎಂದರೆ ನೀನು ಎಂದು ಬೇರೆ ಹೇಳಬೇಕಾಗಿಲ್ಲ. "ನಾನು", "ನಿನಗೆ", "ನೀನು" ಮೂರೂ ತೆಗೆದರೆ 7 ಅಕ್ಷರ ಉಳಿಯಿತು, ಅರ್ಥ ಒಂದು ಕೂದಲಷ್ಟೂ ಕೊಂಕಲಿಲ್ಲ. ಮರ್ಯಾದೆಯ ಲೆಕ್ಕವೂ ಹೀಗೆಯೇ ಉಳಿಯುತ್ತದೆ. ನೀನು ಎನ್ನುವ ತುಳುವಿನ "ಈ" ಮತ್ತು ನೀವು ಎನ್ನುವ "ಈರ್" ನಡುವಿನ ಅಂತರ ಕನ್ನಡದಲ್ಲಿ "ಬಾ", "ಬನ್ನಿ" ಎಂಬ ಕೊನೆಯಲ್ಲೇ ಕಾಣುತ್ತದೆ. ಆ ಕೊನೆಯನ್ನು ಮಾತ್ರ ತಪ್ಪಿಸಬೇಡಿ. ಒಂದು ಪಾತ್ರ ಸಿಟ್ಟಿನಲ್ಲಿ "ಈರ್" ಬಿಟ್ಟು "ಈ" ಎಂದಿಳಿದರೆ ಅದೇ ಆ ದೃಶ್ಯದ ಮುಖ್ಯ ಘಟನೆ.

ಎರಡನೆಯದು, ಕಿವಿಗೆ ಹೇಗೂ ಬೀಳುವ ಮಾತು. "ನೋಡು ಮಾರಾಯ" ಎನ್ನುವುದನ್ನು ಅವಳ ದನಿ, ಕೈ ಬೀಸು ಎರಡೂ ಹೇಳುತ್ತವೆ. "ಅಲ್ಲವಾ" ಕೂಡ ಹಾಗೆಯೇ. ಹೆಸರು ಹಿಡಿದು ಕರೆಯುವುದು, "ಹ್ಞಾಂ", "ಅಯ್ಯೋ", ಎರಡೆರಡು ಸಲ ಹೇಳಿದ್ದು, ಇವೆಲ್ಲ ಈ ಗುಂಪಿಗೆ ಸೇರಿದವು. ಇಲ್ಲಿಗೆ ಇನ್ನು 8 ಅಕ್ಷರ ಹೋಯಿತು, ಉಳಿದದ್ದು 43.

ಮೂರನೆಯದು, ಹಿಂದಿನ ಸಾಲಿನಿಂದಲೇ ಅರ್ಥವಾಗುವ ಭಾಗ. "ನಿನ್ನೆಯೇ ಹೇಳಿದ್ದೆ" ಎಂದಾದ ಮೇಲೆ "ನನ್ನ ಮಾತು ಕೇಳಿದೆಯಾ" ಎಂದು ಬಿಡಿಸಿ ಹೇಳುವುದು ಬೇಡ, "ಕೇಳಿದೆಯಾ?" ಸಾಕು. "ಬೋಟು ಬರುವುದು ತಡವಾದರೆ" ಎಂಬುದರಲ್ಲಿ "ಬರುವುದು" ಬೇಡ, ಬೋಟು ತಡವಾಗುವುದೆಂದರೆ ಬರುವುದೇ ತಡ. ಈಗ 35.

ನಾಲ್ಕನೆಯದು ಕ್ರಿಯಾಪದ. "ರೇಟು ಸಿಗುವುದಿಲ್ಲ" 7 ಅಕ್ಷರ. ಇಲ್ಲಿ ಕೈ ತಾನಾಗಿಯೇ "ಸಿಗಲ್ಲ" ಎಂದು ಬರೆಯಲು ಹೋಗುತ್ತದೆ. ತಡೆಯಿರಿ. ಮಲ್ಪೆಯ ಹೆಂಗಸಿನ ಬಾಯಲ್ಲಿ "ಸಿಗಲ್ಲ" ಎಂದು ಬಂದ ಕೂಡಲೇ ಅವಳು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುತ್ತಿರುವವಳಂತೆ ಕೇಳುತ್ತಾಳೆ. ನಮ್ಮ ಕಡೆ "ಸಿಗುವುದಿಲ್ಲ" ಎಂದೇ ಎಳೆದು ಹೇಳುತ್ತೇವೆ, ಮಂಗಳೂರಿನ ಪ್ರೇಕ್ಷಕ ಅದನ್ನು ಗಮನಿಸಿಯೇ ಗಮನಿಸುತ್ತಾನೆ. ಹಾಗಾದಾಗ ಕ್ರಿಯಾಪದವನ್ನು ಕುಗ್ಗಿಸುವ ಬದಲು ವಾಕ್ಯವನ್ನೇ ಬೇರೆ ಕಟ್ಟಿ: "ಮೀನಿಗೆ ರೇಟಿಲ್ಲ". "ರೇಟಿಲ್ಲ" ಎಂಬುದು ಮೂರೇ ಅಕ್ಷರ, ನಮ್ಮದೇ ಮಾತು, ಮೀನು ಮಾರುವವರ ಮಾತೂ ಹೌದು. "ಹೋಗಬೇಕಾಗಿ ಬರುತ್ತದೆ" ಎಂಬುದನ್ನು "ಹೋಗಬೇಕು" ಮಾಡುವುದು, "ಮಾಡಲು ಸಾಧ್ಯವಾಗುವುದಿಲ್ಲ" ಎಂಬುದನ್ನು "ಆಗದು" ಮಾಡುವುದು ಇದೇ ಜಾತಿಯ ಕೆಲಸ. ದೊಡ್ಡ ಉಳಿತಾಯ ಯಾವಾಗಲೂ ಇಲ್ಲೇ.

ಒಟ್ಟು 31 ಆಯಿತು. ಮಿತಿಗಿಂತ ಕೆಳಗೆ ಬಂದಿದ್ದೇವೆ. ಈಗ ತೆಗೆದದ್ದರಲ್ಲಿ ಯಾವುದನ್ನು ವಾಪಸು ಕೊಡಬಹುದು ಎಂದು ನೋಡುವ ಹೊತ್ತು. ಈ ಹೆಜ್ಜೆಯನ್ನು ಹೊಸಬರು ಬಿಟ್ಟುಬಿಡುತ್ತಾರೆ, ಅದಕ್ಕೇ ಅವರ ಸಬ್‌ಟೈಟಲ್ ತಂತಿ ಸಂದೇಶದ ಹಾಗೆ ಒಣಗಿರುತ್ತದೆ. ನಾನಾದರೆ "ಮಾರಾಯ" ವಾಪಸು ತರುತ್ತೇನೆ, ಆದರೆ ಮೊದಲಿಗೆ ಅಲ್ಲ, ಕೊನೆಯ ಪ್ರಶ್ನೆಗೆ. ಅಲ್ಲಿ ಅದು ಸಿಟ್ಟು ಮತ್ತು ಸಲಿಗೆ ಎರಡನ್ನೂ ಒಟ್ಟಿಗೆ ಹೇಳುತ್ತದೆ. ತುಳು ಬಲ್ಲವರು ಮಾರಾಯ ಎಲ್ಲಿ ಹೋಯಿತು ಎಂದು ಕೇಳುವುದೂ ತಪ್ಪುತ್ತದೆ. 34.

ಇನ್ನು ಹಂಚುವುದು. ಆ ಪ್ರಶ್ನೆಯನ್ನು ಅದೇ ಸಬ್‌ಟೈಟಲಿನಲ್ಲಿ ಹಾಕಿದರೆ ಅವಳು ಇನ್ನೂ ಐಸಿನ ಮಾತಾಡುತ್ತಿರುವಾಗಲೇ ಪ್ರೇಕ್ಷಕ ಪ್ರಶ್ನೆಯನ್ನು ಓದಿ ಮುಗಿಸಿರುತ್ತಾನೆ. ನಟಿ ಅಲ್ಲಿ ಉಸಿರು ಎಳೆದು ನಿಲ್ಲಿಸಿದ್ದರೆ ಆ ನಿಲುಗಡೆ ವ್ಯರ್ಥ. ಬೇರೆ ಮಾಡಿ. ಕಡತದಲ್ಲಿ ಹೀಗೆ ಇರುತ್ತದೆ (ಸಮಯ, ಸಂಖ್ಯೆ ಉದಾಹರಣೆಗೆ ಮಾತ್ರ):

```
41
00:07:12,200 --> 00:07:16,700
ನಿನ್ನೆಯೇ ಹೇಳಿದ್ದೆ,
ಬೋಟು ತಡವಾದರೆ ಮೀನಿಗೆ ರೇಟಿಲ್ಲ, ಐಸು ಜಾಸ್ತಿ ಹಾಕು ಅಂತ

42
00:07:16,800 --> 00:07:18,300
ಕೇಳಿದೆಯಾ ಮಾರಾಯ?
```

ಮೊದಲನೆಯದು 27 ಅಕ್ಷರ, ನಾಲ್ಕೂವರೆ ಸೆಕೆಂಡು, ಸರಿಯಾಗಿ ಸೆಕೆಂಡಿಗೆ 6. ಎರಡನೆಯದು 7 ಅಕ್ಷರ, ಒಂದೂವರೆ ಸೆಕೆಂಡು, ಧಾರಾಳ. ಸಾಲು ಮುರಿದ ಜಾಗ ನೋಡಿ. ಎರಡೂ ಸಾಲು ಸಮ ಬರಲಿ ಎಂದು "ಬೋಟು ತಡವಾದರೆ" ಎಂಬುದನ್ನು ಮೇಲಿನ ಸಾಲಿಗೆ ಸೇರಿಸಿದ್ದರೆ 13 ಮತ್ತು 14 ಅಕ್ಷರ ಆಗಿ ಚಂದ ಕಾಣುತ್ತಿತ್ತು. ಆದರೆ "ತಡವಾದರೆ" ಎಂಬಲ್ಲಿ ಸಾಲು ಮುಗಿದು ಏನಾಗುತ್ತದೆ ಎಂಬುದು ಕೆಳಗೆ ಹೋಗುತ್ತದೆ, ಕಣ್ಣು ಮಧ್ಯೆ ತೂಗಾಡುತ್ತದೆ. ಅರ್ಥ ಮುರಿಯುವಲ್ಲಿ ಸಾಲು ಮುರಿಯಿರಿ, ಉದ್ದ ಸಮ ಇಲ್ಲದಿದ್ದರೂ ಅಡ್ಡಿಯಿಲ್ಲ. ವಿಶೇಷಣವನ್ನು ಅದರ ನಾಮಪದದಿಂದ, "ಇಲ್ಲ" ಎಂಬುದನ್ನು ಅದರ ಕ್ರಿಯಾಪದದಿಂದ ಬೇರ್ಪಡಿಸಬೇಡಿ. ಎರಡನೇ ಸಾಲು ನಮ್ಮ ಲೆಕ್ಕಕ್ಕೆ 21 ಅಕ್ಷರ. ಸಂಕೇತ ಎಣಿಸುವ ಸಾಫ್ಟ್‌ವೇರಿಗೆ ಅದು 48, ಅಂದರೆ 42 ದಾಟಿತು, ಅಲ್ಲಿ ಇನ್ನೂ ಕೆಂಪು ಕಾಣಬಹುದು. ಪರದೆಯ ಮೇಲೆ ಅಂಚಿಗೆ ತಾಗದೆ ಕೂತಿದೆಯೇ ನೋಡಿ, ಕೂತಿದ್ದರೆ ಆ ಕೆಂಪನ್ನು ಬಿಟ್ಟುಬಿಡಿ.

ಹಿಂದೆ ಮುಂದೆ ಮಾಡಿ "ಬೋಟು ತಡವಾದರೆ ಮೀನಿಗೆ ರೇಟಿಲ್ಲ, ಐಸು ಜಾಸ್ತಿ ಹಾಕು ಅಂತ ನಿನ್ನೆಯೇ ಹೇಳಿದ್ದೆ" ಎಂದರೆ ಕನ್ನಡ ಇನ್ನೂ ಸಲೀಸು. ಆದರೆ ಅವಳ ಬಾಯಿಂದ ನಿನ್ನೆ ಎನ್ನುವ "ಕೋಡೆ" ಎಂಬ ತುಳು ಶಬ್ದ ಮೊದಲು ಬಿದ್ದಾಗ ಕೆಳಗೆ ಬೋಟು ಕಾಣುತ್ತದೆ. ತುಳು ಬಾರದವರಿಗೆ ಇದು ಲೆಕ್ಕಕ್ಕಿಲ್ಲ. ಅರ್ಧಂಬರ್ಧ ತುಳು ಬರುವವರು ಬೆಂಗಳೂರಿನಲ್ಲೂ ತುಂಬಾ ಇದ್ದಾರೆ, ಅವರಿಗೆ ಅದು ಎಡವಿದ ಹಾಗೆ. ಕನ್ನಡ ಒಪ್ಪುವಷ್ಟು ದೂರ ಮಾತಿನ ಕ್ರಮವನ್ನೇ ಉಳಿಸಿಕೊಳ್ಳುವುದು ಒಳ್ಳೆಯದು.

ಕತ್ತರಿ ತಪ್ಪುವುದು ಎಲ್ಲಿ ಎಂದರೆ ಹೆಚ್ಚಾಗಿ ಷರತ್ತಿನಲ್ಲಿ. "ಮಂಗಳವಾರದ ಒಳಗೆ ಬೋಟು ಬಂದರೆ ನಿನ್ನ ದುಡ್ಡು ಕೊಡುತ್ತೇನೆ" ಎಂಬ ಮಾತನ್ನು ಅವಸರದಲ್ಲಿ "ಮಂಗಳವಾರ ದುಡ್ಡು ಕೊಡುತ್ತೇನೆ" ಎಂದು ಮಾಡಿಬಿಟ್ಟರೆ ಓದಲು ಹಗುರ. ಆದರೆ ಹತ್ತು ನಿಮಿಷದ ಮೇಲೆ ಬೋಟು ಬಾರದೆ ಆತ ದುಡ್ಡು ಕೊಡದಿದ್ದಾಗ ತುಳು ಬಾರದವರ ಕಣ್ಣಿಗೆ ಅವನು ಮೋಸಗಾರ. ನಿಮ್ಮ ಕಥೆಯನ್ನೇ ಬದಲಿಸಿದಂತಾಯಿತು. "ಮಂಗಳವಾರದೊಳಗೆ ಬೋಟು ಬಂದರೆ ದುಡ್ಡು" ಎಂದರೆ ಚಿಕ್ಕದೂ ಆಯಿತು, ಷರತ್ತೂ ಉಳಿಯಿತು. "ಆದರೆ", "ಮಾತ್ರ", "ಇಲ್ಲ", ಮೊತ್ತ, ದಿನ, ಮೊದಲ ಸಲ ಬರುವ ಹೆಸರು, ಮುಂದೆ ಕಥೆಗೆ ಬೇಕಾಗುವ ವಸ್ತು, ಇವುಗಳನ್ನು ಮುಟ್ಟುವ ಮೊದಲು ಚಿತ್ರದ ಕೊನೆಯವರೆಗೆ ಒಮ್ಮೆ ಯೋಚಿಸಿ. ದೊಡ್ಡ ಮೊತ್ತವನ್ನು ಅಂಕಿಯಲ್ಲಿ ಬರೆದರೆ ಬಿಡದೆಯೇ ಉಳಿತಾಯ: "ಸಾವಿರದ ಇನ್ನೂರ ಐವತ್ತು" ಎಂಬುದನ್ನು 1,250 ಎಂದರೆ ಕಣ್ಣಿಗೆ ಒಂದೇ ನೋಟ.

ತುಳುವಿನಿಂದ ಕನ್ನಡಕ್ಕೆ ಬರುವಾಗ ಕತ್ತರಿಸುವ ಬದಲು ಸೇರಿಸಲೇಬೇಕಾದ ಒಂದು ಜಾಗ ಇದೆ. ತುಳುವಿನಲ್ಲಿ ಎರಡು ನಾವು ಉಂಟು: ಕೇಳುವವರನ್ನೂ ಸೇರಿಸಿಕೊಂಡ "ನಮ", ಕೇಳುವವರನ್ನು ಹೊರಗಿಟ್ಟ "ಎಂಕುಲು". ಕನ್ನಡದಲ್ಲಿ ಎರಡೂ "ನಾವು". ಬೋಟಿನವರು ಹುಡುಗನ ಎದುರು "ಎಂಕುಲು" ಎಂದು ಶುರು ಮಾಡಿದರೆ ಅವನನ್ನು ಬಿಟ್ಟು ಹೋಗುತ್ತಾರೆಂದು ತುಳುವರಿಗೆ ಒಂದೇ ಶಬ್ದದಲ್ಲಿ ಗೊತ್ತಾಗುತ್ತದೆ. "ನಾವು ಹೋಗುತ್ತೇವೆ" ಎಂದು ಬರೆದರೆ ಹುಡುಗನ ಮುಖ ಯಾಕೆ ಬಾಡಿತು ಎಂದು ಭಾವನಿಗೆ ತಿಳಿಯದು. ಅಲ್ಲಿ "ನಾವು ಹೋಗುತ್ತೇವೆ, ನೀನು ಇರು" ಎಂದು ನಾಲ್ಕು ಅಕ್ಷರ ಹೆಚ್ಚು ಖರ್ಚು ಮಾಡಿ. ಬೇರೆ ಕಡೆ ಸರ್ವನಾಮ ತೆಗೆದು ಅಕ್ಷರ ಉಳಿಸಿದ್ದು ಇಂಥಲ್ಲಿಗೇ.

ಸಂಭಾಷಣೆ ಬರೆದವರ ಬೇಸರಕ್ಕೆ ಬರೋಣ. ನಿಮ್ಮ ಎದುರು ಮೂರು ದಾರಿ ಇವೆ. ಪೂರ್ತಿ ಮಾತು ಉಳಿಸಬಹುದು. ಕಿವಿ ಕೇಳದವರಿಗೆ, ತುಳು ಕಲಿಯುವವರಿಗೆ ಅದರ ಉಪಯೋಗ ಇದೆ, ಆದರೆ ವೇಗದ ದೃಶ್ಯಗಳಲ್ಲಿ ಚಿತ್ರವನ್ನು ನೋಡಲು ಆಗುವುದಿಲ್ಲ. ಎಲ್ಲವನ್ನೂ ಸೆಕೆಂಡಿಗೆ 6ಕ್ಕೆ ಇಳಿಸಬಹುದು. ಓದು ಸಲೀಸು, ಆದರೆ ತುಳು ಬಲ್ಲ ಮಂಗಳೂರಿನ ಪ್ರೇಕ್ಷಕರಿಗೆ ಮಾತು ಕಳೆದದ್ದು ಪ್ರತಿ ಸಾಲಿನಲ್ಲೂ ಕಾಣುತ್ತದೆ. ಮೂರನೆಯದು ನಾನು ಹೇಳುವ ದಾರಿ: ನಿಧಾನದ ದೃಶ್ಯಗಳಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ, 7ರ ಮೇಲೆ ಹೋದ ಸಾಲುಗಳಿಗೆ ಮಾತ್ರ ಕತ್ತರಿ. ಸಾಫ್ಟ್‌ವೇರ್ ಅರ್ಧಕ್ಕರ್ಧ ಕೆಂಪು ತೋರಿಸಿದರೂ ಕನ್ನಡದ ಲೆಕ್ಕದಲ್ಲಿ ಎಣಿಸಿದಾಗ ನಿಜವಾಗಿ ಕತ್ತರಿ ಬೇಕಾಗುವುದು ಅದಕ್ಕಿಂತ ಕಡಿಮೆ ಇರಬಹುದು. ಆ ಪಟ್ಟಿಯನ್ನು ಬರೆದವರ ಎದುರಿಗಿಟ್ಟು, ಈ ಸಾಲಿಗೆ ಇಷ್ಟು ಅಕ್ಷರ ಇದೆ, ಯಾವ ಶಬ್ದ ಉಳಿಯಬೇಕು ಎಂದು ಅವರನ್ನೇ ಕೇಳಿ. ಕತ್ತರಿಸಿ ಆದ ಮೇಲೆ ತೋರಿಸಿದರೆ ಜಗಳ, ಮೊದಲೇ ಕೇಳಿದರೆ ಹೆಚ್ಚಾಗಿ ಅವರೇ ನಿಮಗಿಂತ ಚುಟುಕಾದ ಮಾತು ಕೊಡುತ್ತಾರೆ.

ಕೊನೆಗೆ ಪರದೆಯ ಮೇಲಿನ ಒಂದೆರಡು ತೊಂದರೆ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ, ಕಡತವನ್ನು UTF-8 ಆಗಿ ಉಳಿಸಿ. ಎರಡು ಸಾಲಿನ ನಡುವೆ ಅಂತರ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಚಿತ್ರಕ್ಕೆ ಅಂಟಿಸುವ ಮೊದಲು ಮೇಲಿನ ಸಾಲಿನಲ್ಲಿ "ರಾಷ್ಟ್ರ", ಕೆಳಗಿನ ಸಾಲಿನಲ್ಲಿ "ಸ್ತ್ರೀ" ಬರೆದು ನೋಡಿ, ಒತ್ತು ಬಿಡಿಸಿಕೊಂಡರೂ ಬಡಿದರೂ ಅಲ್ಲೇ ಗೊತ್ತಾಗುತ್ತದೆ.

ಕತ್ತರಿಸಿ ಮುಗಿದ ಮೇಲೆ ಭಾವನಿಗೇ ಮತ್ತೆ ತೋರಿಸಬೇಡಿ, ಅವರಿಗೆ ಕಥೆ ಗೊತ್ತಾಗಿಬಿಟ್ಟಿದೆ. ತುಳು ಬಾರದ ಬೇರೆ ಒಬ್ಬರನ್ನು ಟಿವಿಯಿಂದ ಮಾಮೂಲಿ ದೂರದಲ್ಲಿ ಕೂರಿಸಿ, ಮೀನಿನ ಹೆಂಗಸಿನ ದೃಶ್ಯ ಮುಗಿದ ಕೂಡಲೇ ನಿಲ್ಲಿಸಿ, ಎರಡು ಪ್ರಶ್ನೆ ಕೇಳಿ: ಅವಳು ಏನು ಹೇಳಿದಳು, ಅವಳ ಕೈಯಲ್ಲಿ ಏನಿತ್ತು? ಮೊದಲನೆಯದಕ್ಕೆ ಉತ್ತರ ಬಾರದಿದ್ದರೆ ಸಾಲು ಉದ್ದ, ಇಲ್ಲವೇ ನೀವು ಬೇಕಾದದ್ದನ್ನೇ ಕತ್ತರಿಸಿದ್ದೀರಿ. ಮೊದಲನೆಯದಕ್ಕೆ ಬಂದು ಎರಡನೆಯದಕ್ಕೆ ಬಾರದಿದ್ದರೆ ಅವರು ಇಡೀ ಹೊತ್ತು ಕೆಳಗೇ ನೋಡುತ್ತಿದ್ದರು. ಆ ಸಬ್‌ಟೈಟಲಿನಿಂದ ಇನ್ನೊಂದು ಐದಾರು ಅಕ್ಷರ ತೆಗೆದು ಹೊಸ ಒಬ್ಬರಿಗೆ ತೋರಿಸಿ.